ಕಂಟ್ರಾಕ್ಟರ್ ಕೊಟ್ಟ ಸಾಮಾನಿನ ಎಸ್ಟಿಮೇಟಿನಲ್ಲಿ ಎದ್ದು ಕಾಣುವ ತಪ್ಪು ಹುಡುಕುವುದು ಹೇಗೆ?

ಹಾಸನದಲ್ಲಿ ನನ್ನ ತಂಗಿ ಮತ್ತು ಅವಳ ಗಂಡ, ಅಂದರೆ ನಮ್ಮ ಬಾವ, 30×40 ಸೈಟಿನಲ್ಲಿ ಮನೆ ಶುರು ಮಾಡಿದರು. ಕಂಟ್ರಾಕ್ಟರ್ ಎರಡು ಹಾಳೆಯ ಎಸ್ಟಿಮೇಟ್ ಕೊಟ್ಟಿದ್ದರು. ಸಿಮೆಂಟ್ ಇಷ್ಟು ಚೀಲ, ಕಬ್ಬಿಣ ಇಷ್ಟು ಕೆಜಿ, ಬ್ಲಾಕ್ ಇಷ್ಟು, ಎಂ-ಸ್ಯಾಂಡ್ ಇಷ್ಟು ಲೋಡ್. ಬಾವ ಅದನ್ನು ನನ್ನ ಕೈಗಿಟ್ಟು, "ಇದ್ರಲ್ಲಿ ಮೋಸ ಇದ್ಯಾ ನೋಡಿ" ಅಂದರು. ನಾನು ಹತ್ತಾರು ವರ್ಷ ಸೈಟಿನಲ್ಲಿ ಸೂಪರ್‌ವೈಸರ್ ಆಗಿದ್ದವನು. ಮೋಸದ ಎಸ್ಟಿಮೇಟ್ ನೋಡಿದ್ದೇನೆ, ಇಲ್ಲ ಅನ್ನುವುದಿಲ್ಲ. ಆದರೆ ಅವಸರದಲ್ಲಿ ಬರೆದ, ಹಳೇ ಮನೆಯ ಲೆಕ್ಕವನ್ನೇ ಎತ್ತಿ ಹಾಕಿದ ಎಸ್ಟಿಮೇಟ್ ಅದಕ್ಕಿಂತ ಎಷ್ಟೋ ಜಾಸ್ತಿ. ಎರಡರಲ್ಲೂ ದುಡ್ಡು ಹೋಗುವುದು ನಮ್ಮದೇ. ಹಿಡಿಯುವ ದಾರಿಯೂ ಒಂದೇ.

ಆ ಮನೆಯ ಲೆಕ್ಕವನ್ನೇ ಇಟ್ಟುಕೊಂಡು ಹೇಳುತ್ತೇನೆ. ಮನೆ ಹೊರಗಿನಿಂದ 25 ಅಡಿ × 32 ಅಡಿ, ಅಂದರೆ 800 ಚದರ ಅಡಿ, ನಮ್ಮ ಮಾತಿನಲ್ಲಿ 8 ಚದರ. ಸೈಜುಕಲ್ಲಿನ ಪಾಯ, ಅದರ ಮೇಲೆ ಪ್ಲಿಂತ್ ಬೀಮ್. ಹೊರಗೋಡೆ 8 ಇಂಚಿನ ಸಾಲಿಡ್ ಬ್ಲಾಕ್. ಪಿಲ್ಲರ್ ಇಲ್ಲ, ಗೋಡೆಯೇ ಭಾರ ಹೊರುವ ಒಂದೇ ಅಂತಸ್ತಿನ ಮನೆ. ಈ ಕೊನೆಯ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಮೊದಲು ಅಳತೆಯ ಹಾಳೆ ಕೇಳಿ

ಬರೀ ಮೊತ್ತ ಇರುವ ಎಸ್ಟಿಮೇಟನ್ನು ಪರೀಕ್ಷೆ ಮಾಡುವುದು ಕಷ್ಟ. "ಸಿಮೆಂಟ್ 420 ಚೀಲ" ಅಂದರೆ ಸರಿಯೋ ತಪ್ಪೋ ಯಾರಿಗೂ ಗೊತ್ತಾಗುವುದಿಲ್ಲ. ಪ್ರತಿ ಕೆಲಸಕ್ಕೂ ಉದ್ದ, ಅಗಲ, ಎತ್ತರ ಬರೆದ ಹಾಳೆ ಕಂಟ್ರಾಕ್ಟರ್ ಹತ್ತಿರ ಇದ್ದೇ ಇರುತ್ತದೆ. ಡೈರಿಯಲ್ಲಾದರೂ ಗೀಚಿರುತ್ತಾರೆ. ಅದರ ಫೋಟೊ ಕೊಡಿ ಎಂದು ಕೇಳಿ. ಜೊತೆಗೆ ಎಂಜಿನಿಯರ್ ಮಾಡಿದ ಪ್ಲಾನ್ ಮತ್ತು ಕಬ್ಬಿಣದ ಡ್ರಾಯಿಂಗ್ ಎದುರಿಗೆ ಇರಲಿ. ಇವಿಲ್ಲದೆ ಕೂತರೆ ಅದು ಬರೀ ಊಹೆ.

ಇನ್ನೊಂದು ಮಾತು. "ಲೋಡ್" ಅನ್ನುವುದು ಅಳತೆ ಅಲ್ಲ. ಟ್ರ್ಯಾಕ್ಟರ್ ಲೋಡ್ ಬೇರೆ, ಟಿಪ್ಪರ್ ಲೋಡ್ ಬೇರೆ. ಟಿಪ್ಪರಿನಲ್ಲೂ ಸಣ್ಣದು ದೊಡ್ಡದು ಇವೆ. ಮರಳು, ಜಲ್ಲಿ ಎಲ್ಲವನ್ನೂ ಘನ ಅಡಿಯಲ್ಲಿ, ಅಂದರೆ ಸಿಎಫ್‌ಟಿಯಲ್ಲಿ ಬರೆಸಿಕೊಳ್ಳಿ. ಟನ್ ಲೆಕ್ಕದಲ್ಲಿ ಕೊಟ್ಟರೆ, ಎಂ-ಸ್ಯಾಂಡ್ ಒಂದು ಟನ್ನಿಗೆ ಸುಮಾರು 20ರಿಂದ 22 ಸಿಎಫ್‌ಟಿ ಎಂದು ಹಿಡಿದರೆ ಹತ್ತಿರ ಬರುತ್ತದೆ. ಲೋಡ್ ಬಂದ ದಿನ ಗಾಡಿಯ ಡಬ್ಬದ ಒಳಗಿನ ಉದ್ದ, ಅಗಲ, ಮಾಲು ನಿಂತ ಎತ್ತರಕ್ಕೆ ಟೇಪು ಹಿಡಿದು ಗುಣಿಸಿ ನೋಡಿ. ಮಧ್ಯದಲ್ಲಿ ಗೋಪುರದ ಹಾಗೆ ಕಂಡರೂ ಮೂಲೆಗಳಲ್ಲಿ ಖಾಲಿ ಇರುತ್ತದೆ. ಹಾಗಾಗಿ ಕೈಯಲ್ಲಿ ಮಟ್ಟ ಮಾಡಿಸಿಯೇ ಅಳೆಯಬೇಕು. ನಮ್ಮ ಕಡೆ ಮಳೆಗಾಲದಲ್ಲಿ ಮರಳು ತೇವ ಇರುತ್ತದೆ. ತೇವದ ಮರಳು ಉಬ್ಬಿಕೊಂಡು ಜಾಸ್ತಿ ಜಾಗ ತಿನ್ನುತ್ತದೆ. ಜೂನ್‌ನಲ್ಲಿ ಅಳೆದ 100 ಸಿಎಫ್‌ಟಿಯಲ್ಲಿ ನಿಜವಾದ ಮರಳು ಮಾರ್ಚಿನ 100 ಸಿಎಫ್‌ಟಿಗಿಂತ ಕಮ್ಮಿ.

ತಾರಸಿಯಿಂದ ಶುರು ಮಾಡಿ

ಎಲ್ಲವನ್ನೂ ಲೆಕ್ಕ ಹಾಕಲು ಹೋದರೆ ಎರಡು ದಿನದಲ್ಲಿ ಬೇಜಾರಾಗಿ ಬಿಡುತ್ತೀರಿ. ಮೋಲ್ಡ್, ಅಂದರೆ ತಾರಸಿಯ ಕಾಂಕ್ರೀಟ್ ಮೊದಲು ನೋಡಿ. ಅದರ ಆಕಾರ ಸುಲಭ. ಹಣವೂ ಅಲ್ಲೇ ಜಾಸ್ತಿ.

ಮನೆ 25×32 ಆದರೂ ತಾರಸಿ 27×34 ಎಂದು ಬರೆದಿದ್ದರು. ಬಾವ ಮೊದಲು ಇದನ್ನೇ ತಪ್ಪು ಎಂದು ಗುರುತು ಹಾಕಿದ್ದರು. ಅದು ತಪ್ಪಲ್ಲ. ಗೋಡೆಗೆ ಮಳೆ ಹೊಡೆಯದಿರಲಿ ಎಂದು ಪ್ಲಾನಿನಲ್ಲಿ ಸುತ್ತ ಒಂದೊಂದು ಅಡಿ ಮುಂದಕ್ಕೆ ಬಿಟ್ಟಿದ್ದಾರೆ. 27×34 ಅಂದರೆ 918 ಚದರ ಅಡಿ. ದಪ್ಪ 5 ಇಂಚು. ಹಾಳೆಯಲ್ಲಿ ಕಾಂಕ್ರೀಟ್ 459 ಸಿಎಫ್‌ಟಿ ಅಂತ ಇತ್ತು. ಈಗ ಫೋನಿನಲ್ಲಿ ಇದನ್ನು ಒತ್ತಿ:

```
27 * 34 * 5 / 12 = 382.5
```

382ರ ಜಾಗದಲ್ಲಿ 459 ಎಲ್ಲಿಂದ ಬಂತು? ಹಿಂದಿನಿಂದ ಲೆಕ್ಕ ಮಾಡಿದರೆ ಗುಟ್ಟು ಹೊರಗೆ ಬರುತ್ತದೆ. 459ನ್ನು 918ರಿಂದ ಭಾಗಿಸಿದರೆ 0.5. 5 ಇಂಚನ್ನು 0.5 ಅಡಿ ಎಂದು ಬರೆದಿದ್ದಾರೆ! ಅಡಿಗೆ ಇಂಚು ಹನ್ನೆರಡು, ಹತ್ತಲ್ಲ. 5 ಇಂಚು ಅಂದರೆ 0.42 ಅಡಿ. 0.5 ಅಡಿ ಅಂದರೆ 6 ಇಂಚು. ಎಸ್ಟಿಮೇಟುಗಳಲ್ಲಿ ನಾನು ಅತಿ ಹೆಚ್ಚು ಸಲ ನೋಡಿದ ತಪ್ಪು ಇದೇ. 4 ಇಂಚಿನ ಬೆಡ್ ಕಾಂಕ್ರೀಟನ್ನು 0.4 ಎಂದು ಬರೆಯುವುದು ಕೂಡ ಇದೇ ಜಾತಿ. ಅದು 0.33 ಆಗಬೇಕು.

ಇನ್ನು ಸಿಮೆಂಟಿಗೆ ಬನ್ನಿ. ಮನೆಯ ತಾರಸಿಗೆ ಸಾಮಾನ್ಯವಾಗಿ ಎಂ20 ಕಾಂಕ್ರೀಟ್ ಬರೆಯುತ್ತಾರೆ. ಸೈಟಿನಲ್ಲೇ ಕಲಸುವುದಾದರೆ ಒಂದು ಪಾಲು ಸಿಮೆಂಟ್, ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿ. ಮರಳು ಜಲ್ಲಿಯ ಸಂದಿಗಳಿಗೆ ಇಳಿಯುತ್ತದೆ, ಸಿಮೆಂಟ್ ಮರಳಿನ ಸಂದಿಗೆ ಇಳಿಯುತ್ತದೆ. ಅದಕ್ಕೇ 100 ಸಿಎಫ್‌ಟಿ ಕಾಂಕ್ರೀಟ್ ಬರಬೇಕಾದರೆ ಒಣ ಸಾಮಾನು ಸುಮಾರು 154 ಸಿಎಫ್‌ಟಿ ಬೇಕು. ಅದನ್ನು ಐದೂವರೆ ಪಾಲು ಮಾಡಿದರೆ 100 ಸಿಎಫ್‌ಟಿಗೆ ಹೀಗೆ ಬರುತ್ತದೆ: ಸಿಮೆಂಟ್ 23 ಚೀಲ, ಮರಳು 42 ಸಿಎಫ್‌ಟಿ, ಜಲ್ಲಿ 84 ಸಿಎಫ್‌ಟಿ. ಚೀಲ ಅಂದರೆ 50 ಕೆಜಿಯದು. ಈ ಮೂರು ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಜೇಬಲ್ಲಿ ಇಟ್ಟುಕೊಳ್ಳಿ.

ನಮ್ಮ ತಾರಸಿಗೆ 382.5 ಸಿಎಫ್‌ಟಿ. ಸಿಮೆಂಟ್ 88 ಚೀಲ, ಮರಳು 161, ಜಲ್ಲಿ 321 ಸಿಎಫ್‌ಟಿ ಬೇಕು. ಎಸ್ಟಿಮೇಟಿನಲ್ಲಿ 106 ಚೀಲ, 193 ಮತ್ತು 386 ಇತ್ತು. ಇಲ್ಲಿ ಒಂದು ಸೂಕ್ಷ್ಮ ಇದೆ. ಜಲ್ಲಿ ಮರಳಿನ ಎರಡರಷ್ಟಿದೆಯಾ ಎಂದು ನೋಡಿ ಸುಮ್ಮನಾಗುವವರು ಇದ್ದಾರೆ. ಈ ಎಸ್ಟಿಮೇಟಿನಲ್ಲಿ ಆ ಅನುಪಾತ ಸರಿಯಾಗಿಯೇ ಇತ್ತು. ಯಾಕೆಂದರೆ ತಪ್ಪು ಬುಡದಲ್ಲೇ ಆಗಿದೆ, ಮೇಲಿನದೆಲ್ಲ ಅದಕ್ಕೆ ತಕ್ಕ ಹಾಗೆ ಬೆಳೆದಿದೆ. ಅನುಪಾತ ಸರಿ ಇದ್ದರೆ ಲೆಕ್ಕ ಸರಿ ಅಂತ ಅಲ್ಲ.

ಅಳತೆಯ ಹಾಳೆ ಕೊಡದೆ ಚೀಲದ ಸಂಖ್ಯೆ ಮಾತ್ರ ಕೊಟ್ಟರೂ ಈ ತಪ್ಪು ಹಿಡಿಯಬಹುದು. 106ನ್ನು 23ರಿಂದ ಭಾಗಿಸಿ 100ರಿಂದ ಗುಣಿಸಿ. 460 ಚಿಲ್ಲರೆ ಬರುತ್ತದೆ. ಅದನ್ನು 918ರಿಂದ ಭಾಗಿಸಿ 12ರಿಂದ ಗುಣಿಸಿದರೆ ದಪ್ಪ 6 ಇಂಚು. ಡ್ರಾಯಿಂಗಿನಲ್ಲಿ 5 ಇದೆಯಲ್ವಾ, ಇಲ್ಲಿ 6 ಯಾಕೆ ಎಂದು ಕೇಳಿದರೆ ಸಾಕು.

ರೆಡಿಮಿಕ್ಸ್ ತರಿಸುವುದಾದರೆ ಲೆಕ್ಕ ಕ್ಯೂಬಿಕ್ ಮೀಟರಿನಲ್ಲಿ. ಒಂದು ಕ್ಯೂಬಿಕ್ ಮೀಟರ್ ಅಂದರೆ 35.3 ಸಿಎಫ್‌ಟಿ. ನಮ್ಮದು 10.8 ಬಂತು. ಸಾಗಾಣಿಕೆಯ ನಷ್ಟ ಸೇರಿಸಿ 11ರ ಸುತ್ತ ಇರಬೇಕು. ರೆಡಿಮಿಕ್ಸ್ ಎಂದು ಬರೆದೂ ಆ ತಾರಸಿಗೆ ಬೇರೆ ಸಿಮೆಂಟ್ ಚೀಲ ಹಾಕಿದ್ದಾರಾ ಎಂದೂ ನೋಡಿ. ಅದು ಒಂದೇ ಸಾಮಾನಿಗೆ ಎರಡು ಸಲ ದುಡ್ಡು.

ಬ್ಲಾಕ್: ಬಾಗಿಲು ಕಿಟಕಿ ಕಳೆದಿದ್ದಾರಾ?

16 ಇಂಚು ಉದ್ದ, 8 ಇಂಚು ಎತ್ತರದ ಬ್ಲಾಕಿನ ಮುಖ 128 ಚದರ ಇಂಚು. ಒಂದು ಚದರ ಅಡಿಗೆ 144. ಹಾಗಾಗಿ 100 ಚದರ ಅಡಿ ಗೋಡೆಗೆ 112 ಚಿಲ್ಲರೆ ಬ್ಲಾಕ್. ಬ್ಲಾಕಿನ ದಪ್ಪ 4, 6, 8 ಎಷ್ಟಾದರೂ ಈ ಸಂಖ್ಯೆ ಬದಲಾಗುವುದಿಲ್ಲ. ನಡುವೆ ಗಾರೆಯ ಸಂದು ಬರುವುದರಿಂದ ನಿಜಕ್ಕೂ 108ರ ಹತ್ತಿರ ಸಾಕು. ಉಳಿದ ನಾಲ್ಕು ಒಡೆದು ಹೋಗುವುದಕ್ಕೆ ಅಂದುಕೊಳ್ಳಿ.

ನಮ್ಮ ಹೊರಗೋಡೆಗೆ ಎಸ್ಟಿಮೇಟಿನಲ್ಲಿ 1,475 ಬ್ಲಾಕ್ ಇತ್ತು. ಅವರ ಲೆಕ್ಕ ಹೀಗಿತ್ತು. ಸುತ್ತಳತೆ 114 ಅಡಿ, ಎತ್ತರ 10 ಅಡಿ, ಒಟ್ಟು 1,140 ಚದರ ಅಡಿ. ಅದಕ್ಕೆ 1,282 ಬ್ಲಾಕ್. ಮೇಲೆ ನೂರಕ್ಕೆ 15 ವೇಸ್ಟೇಜ್.

ಈಗ ನಾವು ಮಾಡಿದ ಲೆಕ್ಕ. ಹೊರಗಿನಿಂದ ಅಳೆದರೆ ನಾಲ್ಕು ಮೂಲೆಯೂ ಎರಡೆರಡು ಸಲ ಸೇರುತ್ತವೆ. ಮೂಲೆಗೆ 8 ಇಂಚಿನಂತೆ ಕಳೆದರೆ ಉದ್ದ ಸುಮಾರು 111 ಅಡಿ. ಗೋಡೆ 1,110 ಚದರ ಅಡಿ. ಇದರಲ್ಲಿ ಮುಂಬಾಗಿಲು ಮೂರೂವರೆ ಅಡಿ × 7, ಹಿಂಬಾಗಿಲು 3 × 7, ನಾಲ್ಕಡಿ ಚೌಕದ ಕಿಟಕಿ ಐದು. ಇವೆಲ್ಲ ಸೇರಿ 125 ಚದರ ಅಡಿ. ಸುತ್ತ ಅರ್ಧ ಅಡಿ ಎತ್ತರದ ಲಿಂಟಲ್ ಕಾಂಕ್ರೀಟ್ ಬರುತ್ತದೆ, ಅಲ್ಲಿ ಬ್ಲಾಕ್ ಇಲ್ಲ. ಅದು 55. ಉಳಿದದ್ದು 930. ಅದಕ್ಕೆ 1,046 ಬ್ಲಾಕ್. ಇಳಿಸುವಾಗ ಒಡೆಯುವುದು, ಮೂಲೆಗೆ ಕತ್ತರಿಸುವುದು ಎಂದು ಧಾರಾಳವಾಗಿ ಸೇರಿಸಿದರೂ 1,090. ಮನೆಗೆ ಪಿಲ್ಲರ್ ಇದ್ದಿದ್ದರೆ ಪಿಲ್ಲರಿನ ಅಗಲವನ್ನೂ ಕಳೆಯಬೇಕಿತ್ತು.

385 ಬ್ಲಾಕ್ ವ್ಯತ್ಯಾಸ. ಬಾವ ಆಗಲೇ ಸ್ಕೂಟರ್ ಕೀ ಹುಡುಕುತ್ತಿದ್ದರು. ನಾನು, "ಪ್ಯಾರಾಪೆಟ್ ಗೋಡೆಗೆ ಬ್ಲಾಕ್ ಎಲ್ಲಿದೆ ತೋರಿಸಿ" ಅಂದೆ. ಎರಡೂ ಹಾಳೆಯಲ್ಲಿ ಎಲ್ಲೂ ಇಲ್ಲ. ತಾರಸಿಯ ಮೇಲೆ ಮೂರು ಅಡಿ ಎತ್ತರದ ಪ್ಯಾರಾಪೆಟ್ ಪ್ಲಾನಿನಲ್ಲಿದೆ. 112 ಅಡಿ ಉದ್ದ ಎಂದು ಹಿಡಿದರೆ 336 ಚದರ ಅಡಿ, ಅಂದರೆ 380ರ ಆಸುಪಾಸು. ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಪೂರ್ತಿ ಮರೆತುಹೋಗಿದೆ. ಪ್ಯಾರಾಪೆಟ್ಟಿಗೆ ಬರುವುದು 4 ಇಂಚಿನ ಬ್ಲಾಕ್, ದರ ಕಮ್ಮಿ. ಹಾಗಾಗಿ ಲೆಕ್ಕ ಸಮ ಆಗುವುದಿಲ್ಲ. ಆದರೆ "ನಾನೂರು ಬ್ಲಾಕ್ ತಿಂದಿದ್ದೀರಿ" ಎಂದು ಹೋಗಿ ಜಗಳ ಮಾಡಿದ್ದರೆ ನಾವೇ ನಗೆಪಾಟಲಾಗುತ್ತಿದ್ದೆವು.

ಕಬ್ಬಿಣ: ಸರಳು ಎಣಿಸಿ

ನಮ್ಮ ಎಸ್ಟಿಮೇಟಿನಲ್ಲಿ ದೊಡ್ಡ ತಪ್ಪು ಇಲ್ಲಿತ್ತು. ಕಬ್ಬಿಣ 3,200 ಕೆಜಿ ಎಂದು ಒಂದೇ ಸಾಲು. 3,200ನ್ನು 800 ಚದರ ಅಡಿಯಿಂದ ಭಾಗಿಸಿದರೆ ಸರಿಯಾಗಿ 4. ಹೀಗೆ ಗುಂಡಾದ ಸಂಖ್ಯೆ ಬಂದರೆ ಸರಳು ಎಣಿಸಿಲ್ಲ, ಚದರ ಅಡಿಗೆ 4 ಕೆಜಿ ಎಂದು ಗುಣಿಸಿದ್ದಾರೆ ಅಂತ ಅರ್ಥ. ಪಿಲ್ಲರ್, ಫುಟಿಂಗ್, ಬೀಮ್ ಎಲ್ಲ ಇರುವ ಮನೆಗೆ ಅಷ್ಟು ಬೇಕಾಗಬಹುದು. ನಮ್ಮದು ಕಲ್ಲಿನ ಪಾಯದ, ಪಿಲ್ಲರ್ ಇಲ್ಲದ ಮನೆ. ಕಬ್ಬಿಣ ಹೋಗುವ ಜಾಗವೇ ಮೂರು: ತಾರಸಿ, ಪ್ಲಿಂತ್ ಬೀಮ್, ಲಿಂಟಲ್ ಮತ್ತು ಸಜ್ಜ.

ಎಣಿಸುವುದು ಕಷ್ಟ ಇಲ್ಲ. ಸರಳಿನ ತೂಕಕ್ಕೆ ಹಳೇ ಸೂತ್ರ ಒಂದಿದೆ:

```
D * D / 162
```

D ಅಂದರೆ ಸರಳಿನ ದಪ್ಪ, ಎಂಎಂನಲ್ಲಿ. ಉತ್ತರ ಒಂದು ಮೀಟರಿಗೆ ಎಷ್ಟು ಕೆಜಿ ಎಂದು ಬರುತ್ತದೆ, ಅಡಿಗೆ ಅಲ್ಲ. ಇದನ್ನು ಅಡಿ ಎಂದುಕೊಂಡರೆ ತೂಕ ಮೂರು ಪಟ್ಟು ಮೀರುತ್ತದೆ. ಅಡಿ ಲೆಕ್ಕದಲ್ಲಿ 8 ಎಂಎಂ 0.12 ಕೆಜಿ, 10 ಎಂಎಂ 0.19, 12 ಎಂಎಂ 0.27 ಎಂದು ಇಟ್ಟುಕೊಂಡರೆ ಸಾಕು.

ತಾರಸಿಯ ಡ್ರಾಯಿಂಗಿನಲ್ಲಿ 27 ಅಡಿಯ ಕಡೆಗೆ 10 ಎಂಎಂ ಸರಳು, 6 ಇಂಚಿಗೆ ಒಂದು ಎಂದಿತ್ತು. ಅವು 34 ಅಡಿ ಉದ್ದಕ್ಕೂ ಸಾಲಾಗಿ ಕೂರಬೇಕು. ಅಡಿಗೆ ಎರಡರಂತೆ 68, ಕೊನೆಯದು ಸೇರಿ 69. ಒಂದೊಂದೂ 27 ಅಡಿ, ಬಾಗಿಸುವುದಕ್ಕೆ ಇನ್ನೊಂದು ಅಡಿ. 69 × 28 ಅಂದರೆ 1,932 ಅಡಿ. ಅದನ್ನು 0.19ರಿಂದ ಗುಣಿಸಿದರೆ 367 ಕೆಜಿ. ಅಡ್ಡಲಾಗಿ 8 ಎಂಎಂ, 8 ಇಂಚಿಗೊಂದು. 42 ಸರಳು, ಒಂದೊಂದು 34 ಅಡಿ. ಅದು 171 ಕೆಜಿ. ಅಂಗಡಿಯಲ್ಲಿ ಬರುವ ಸರಳು 12 ಮೀಟರ್, ಅಂದರೆ 39 ಅಡಿ ಚಿಲ್ಲರೆ. ಹಾಗಾಗಿ ಇಲ್ಲಿ ಜೋಡಿಸುವ ಗೋಜಿಲ್ಲ. ಒಟ್ಟು 540ರ ಹತ್ತಿರ. ಒಳಗೋಡೆಗಳ ಮೇಲೆ ಹಾಕುವ ಎಕ್ಸ್‌ಟ್ರಾ ಸರಳು, ಸರಳನ್ನು ಎತ್ತಿ ನಿಲ್ಲಿಸುವ ಚೇರು ಎಲ್ಲ ಸೇರಿ 650 ಎನ್ನಿ.

ಪ್ಲಿಂತ್ ಬೀಮ್ ಒಳಗೋಡೆಯ ಕೆಳಗಿನದೂ ಸೇರಿ ಸುಮಾರು 180 ಅಡಿ. 12 ಎಂಎಂ ನಾಲ್ಕು ಸರಳು, 6 ಇಂಚಿಗೊಂದು 8 ಎಂಎಂ ರಿಂಗ್. ಇದೇ ರೀತಿ ಎಣಿಸಿದರೆ 300 ಕೆಜಿ. ಲಿಂಟಲ್, ಸಜ್ಜಕ್ಕೆ 250. ಮೂರೂ ಸೇರಿ 1,200. ತುಂಡು ಉಳಿಯುವುದಕ್ಕೆ, ಬೀಮಿನಲ್ಲಿ ಒಂದರ ಮೇಲೊಂದು ಹೊದೆಸುವುದಕ್ಕೆ ಸೇರಿಸಿ 1,300. ಎಸ್ಟಿಮೇಟಿನಲ್ಲಿ ಇದ್ದದ್ದು 3,200.

ಕಂಟ್ರಾಕ್ಟರನ್ನು ಬಾವ ಫೋನಿನಲ್ಲಿ ಕೇಳಿದಾಗ ಅವರು ತಡವರಿಸಲಿಲ್ಲ. "ಹಿಂದಿನ ಮನೆ ಪಿಲ್ಲರ್ ಮನೆ ಸಾರ್, ಅದೇ ರೇಟು ಹಾಕ್ಬಿಟ್ಟೆ" ಅಂದರು. ಅದು ನಿಜ ಇರಬಹುದು, ಇಲ್ಲದಿರಬಹುದು. ನಮಗೆ ಬೇಕಾದದ್ದು ತಿದ್ದಿದ ಹಾಳೆ, ಅದು ಮಾರನೇ ದಿನ ಬಂತು.

ಇಲ್ಲಿ ಒಂದು ಎಚ್ಚರಿಕೆ. ಈ ಎಣಿಕೆ ಡ್ರಾಯಿಂಗಿನಲ್ಲಿ ಇರುವುದೇ ಎಸ್ಟಿಮೇಟಿನಲ್ಲಿ ಇದೆಯಾ ಎಂದು ನೋಡಲು ಮಾತ್ರ. ಡ್ರಾಯಿಂಗಿನ ಸರಳು ಜಾಸ್ತಿ ಅನ್ನಿಸಿ 6 ಇಂಚಿನ ಅಂತರವನ್ನು 8 ಮಾಡಿಸುವುದು ನಮ್ಮ ಕೆಲಸ ಅಲ್ಲ, ಮೇಸ್ತ್ರಿಯ ಕೆಲಸವೂ ಅಲ್ಲ. ಮುಂದೆ ಮೇಲೊಂದು ಅಂತಸ್ತು ಕಟ್ಟುವ ಆಸೆ ಇದ್ದರೆ ಈಗಲೇ ಎಂಜಿನಿಯರಿಗೆ ಹೇಳಿ. ಆಗ ಪಾಯ, ಗೋಡೆ, ಕಬ್ಬಿಣ ಎಲ್ಲದರ ಲೆಕ್ಕವೂ ಬದಲಾಗಬಹುದು. ಕಬ್ಬಿಣದ ಡ್ರಾಯಿಂಗೇ ಇಲ್ಲ, "ಮೇಸ್ತ್ರಿಗೆ ಗೊತ್ತು ಬಿಡಿ" ಅಂದರೆ, ಎಸ್ಟಿಮೇಟ್ ಪಕ್ಕಕ್ಕಿಟ್ಟು ಮೊದಲು ಡ್ರಾಯಿಂಗ್ ಮಾಡಿಸಿ.

ಇಲ್ಲದ್ದನ್ನೂ ಹುಡುಕಿ

ಜಾಸ್ತಿ ಬರೆದದ್ದು ಬೇಗ ಕಣ್ಣಿಗೆ ಬೀಳುತ್ತದೆ. ಬಿಟ್ಟುಹೋದದ್ದು ಕೆಲಸ ಅರ್ಧ ಆದ ಮೇಲೆ "ಇದು ಎಕ್ಸ್‌ಟ್ರಾ ಸಾರ್" ಎಂದು ಬರುತ್ತದೆ. ಆಗ ಚೌಕಾಸಿಗೆ ಜಾಗ ಇರುವುದಿಲ್ಲ. ಅದಕ್ಕೆ ಪ್ಲಾನ್ ಹಿಡಿದುಕೊಂಡು ಮನೆಯನ್ನು ಮನಸ್ಸಿನಲ್ಲೇ ಕೆಳಗಿನಿಂದ ಮೇಲೆ ಕಟ್ಟುತ್ತಾ ಹೋಗಿ. ನಮ್ಮದರಲ್ಲಿ ಪ್ಯಾರಾಪೆಟ್ ಜೊತೆಗೆ ಇನ್ನೆರಡು ಇರಲಿಲ್ಲ. ಪಾಯದ ಒಳಗೆ ತುಂಬುವ ಮಣ್ಣು ಒಂದು. ಪಾಯ ನೆಲದಿಂದ ಎರಡೂವರೆ ಅಡಿ ಮೇಲಿದ್ದರೆ 8 ಚದರದ ಮನೆಗೆ ಗೋಡೆಯ ಜಾಗ ಕಳೆದು ಸಾವಿರದೈನೂರು ಸಿಎಫ್‌ಟಿ ಮೀರಿ ಮಣ್ಣು ಬೇಕು. ಪಾಯ ತೋಡಿದ ಮಣ್ಣು ಅಷ್ಟಕ್ಕೆ ಸಾಲುವುದು ಅಪರೂಪ. ಇನ್ನೊಂದು ನೀರಿನ ಸಂಪು. ಪ್ಲಾನಿನ ಮೂಲೆಯಲ್ಲಿ ಚಿಕ್ಕ ಚೌಕ ಇತ್ತು, ಎಸ್ಟಿಮೇಟಿನಲ್ಲಿ ಹೆಸರೇ ಇಲ್ಲ.

ಪ್ಲಾಸ್ಟರಿಂಗ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಗೋಡೆಯ ಎರಡೂ ಮುಖ, ಒಳಗಿನ ಸೀಲಿಂಗ್ ಸೇರಿದೆಯಾ ಎಂದು ಮಾತ್ರ ನೋಡಿ. ಒಂದೇ ಮುಖ ಹಿಡಿದು ಲೆಕ್ಕ ಬಿಟ್ಟವರನ್ನು ಕಂಡಿದ್ದೇನೆ.

ಎಷ್ಟು ವ್ಯತ್ಯಾಸಕ್ಕೆ ಬಾಯಿ ಬಿಡಬೇಕು?

ನನ್ನ ಲೆಕ್ಕಕ್ಕೂ ಅವರ ಲೆಕ್ಕಕ್ಕೂ ನೂರಕ್ಕೆ ಏಳೆಂಟು ಹೆಚ್ಚು ಕಮ್ಮಿ ಇದ್ದರೆ ನಾನು ಕೇಳುವುದಿಲ್ಲ. ಮರಳು ನೆಲಕ್ಕೆ ಅಂಟುತ್ತದೆ, ಚೀಲ ಹರಿಯುತ್ತದೆ, ಸೆಂಟ್ರಿಂಗ್ ಹಲಗೆ ಒಂದಿಷ್ಟು ಬಾಗಿದರೆ ತಾರಸಿ ಅಲ್ಲಲ್ಲಿ ದಪ್ಪ ಆಗುತ್ತದೆ. ನೂರಕ್ಕೆ 15 ದಾಟಿದ ಸಾಲುಗಳನ್ನು ಮಾತ್ರ ಗುರುತು ಹಾಕಿ. ಆಮೇಲೆ "ಯಾಕೆ ಜಾಸ್ತಿ" ಅನ್ನಬೇಡಿ, "ಈ 459 ಹೇಗೆ ಬಂತು, ಒಂದು ಸಲ ಬರೆದು ತೋರಿಸ್ತೀರಾ?" ಅನ್ನಿ. ಬರೆದು ತೋರಿಸುವಾಗ ತಪ್ಪು ಅವರ ಕಣ್ಣಿಗೇ ಬೀಳುತ್ತದೆ. ಮುಂದಿನ ಎಂಟು ತಿಂಗಳು ಇವರೇ ನಮ್ಮ ಮನೆ ಕಟ್ಟುವವರು, ಅದೂ ನೆನಪಿರಲಿ.

ತಿದ್ದಿದ ಹಾಳೆಯಲ್ಲಿ ತಾರಸಿಗೆ 95 ಚೀಲ ಎಂದು ಬಂತು. 88ಕ್ಕೆ ಏಳು ಜಾಸ್ತಿ, ನಾವು ಒಪ್ಪಿಕೊಂಡೆವು. ಮಳೆ ಹಿಡಿಯುವ ಮೊದಲೇ ಮೋಲ್ಡ್ ಹಾಕಿಸಿದರು. ಆ ಸಂಜೆ ತಂಗಿ ಖಾಲಿ ಚೀಲಗಳನ್ನು ಹತ್ತು ಹತ್ತರ ಕಟ್ಟು ಮಾಡಿ ಎಣಿಸಿದಳು. 91 ಇತ್ತು. ಉಳಿದ ನಾಲ್ಕರಲ್ಲಿ ಒಂದು, ಮಾರನೇ ದಿನ ತಾರಸಿಯ ಮೇಲೆ ನೀರು ನಿಲ್ಲಿಸಲು ಕಟ್ಟೆ ಕಟ್ಟುವುದಕ್ಕೆ ಹೋಯಿತು.